ಹಳೆಯ ಸಂಬಳವೂ ಹೊಸ ಕೆಲಸದ ಬೆಲೆಯೂ

ಕಾಸರಗೋಡು ಜಿಲ್ಲೆಯಲ್ಲಿ ಲೆಕ್ಕಪತ್ರದ ಕೆಲಸ ಕಲಿತು ಆರೇಳು ವರ್ಷ ಕಳೆದವರಿಗೆ ಮುಂದಿನ ಮೆಟ್ಟಿಲು ಹೆಚ್ಚಾಗಿ ಮಂಗಳೂರಿನಲ್ಲಿ ಕಾಣಿಸುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ತಲಪಾಡಿ ದಾಟಿ ಕೆಲಸಕ್ಕೆ ಹೋಗಿಬರುವುದು ಗಡಿನಾಡಿಗೆ ಹೊಸದಲ್ಲ. ಹೀಗೆ ಸಂಸ್ಥೆ ಬದಲಿಸುವ ಅಕೌಂಟೆಂಟಿನ ಮುಂದೆ ಸಂಬಳದ ಮಾತು ಬಂದಾಗ ಕೇಳುವ ಮೊದಲ ಪ್ರಶ್ನೆ, ‘ಈಗ ಎಷ್ಟು ಬರುತ್ತಿದೆ?’ ಎಂಬುದು. ಉತ್ತರ ಸಿಕ್ಕ ಮೇಲೆ ಅದಕ್ಕೆ ಶೇಕಡಾ ಇಪ್ಪತ್ತೋ ಮೂವತ್ತೋ ಸೇರಿಸಿ ಆಫರ್ ಸಿದ್ಧವಾಗುತ್ತದೆ. ಹೊಸ ಸಂಬಳವನ್ನು ಹಳೆಯ ಸಂಬಳದ ಮೇಲೆ ಕಟ್ಟುವ ಈ ಕ್ರಮ ಸರಿಯೇ ಎಂಬುದು ಇಲ್ಲಿಯ ಪ್ರಶ್ನೆ.

ಈ ಕ್ರಮದ ಪರವಾಗಿಯೂ ಒಂದು ವಾದವಿದೆ. ಹೊರಗಿನವರ ಕೆಲಸ ಹೇಗಿದೆ ಎಂದು ಸಂಸ್ಥೆಗೆ ಎರಡು ಸಂದರ್ಶನಗಳಲ್ಲಿ ಪೂರ್ತಿ ತಿಳಿಯುವುದಿಲ್ಲ. ಅವರ ಜತೆ ವರ್ಷಗಟ್ಟಲೆ ಕೆಲಸ ಮಾಡಿದ ಯಜಮಾನರು ಎಷ್ಟು ಕೊಡಲು ಒಪ್ಪಿದ್ದರು ಎಂಬುದು ಒಂದು ಬಗೆಯ ಸಾಕ್ಷ್ಯವಾಗುತ್ತದೆ. ಆದರೆ ಅದು ಯಾವುದಕ್ಕೆ ಸಾಕ್ಷ್ಯ ಎಂದು ಕೇಳಬೇಕು. ಸಣ್ಣ ಪೇಟೆಯಲ್ಲಿ ಇಂಥ ಕೆಲಸ ಕೊಡುವ ಸಂಸ್ಥೆಗಳು ಕಡಿಮೆ. ಮನೆಯಿಂದಲೇ ಓಡಾಡುವವರಿಗೆ ಬಾಡಿಗೆಯ ಹೊರೆ ಇರುವುದಿಲ್ಲವಾದ್ದರಿಂದ ಕಡಿಮೆ ಸಂಬಳಕ್ಕೂ ಒಪ್ಪಿಗೆ ಸಿಗುತ್ತದೆ. ಹಾಗಾಗಿ ಸಂಬಳದ ಚೀಟಿ ವ್ಯಕ್ತಿಯ ಯೋಗ್ಯತೆಗಿಂತ ಹೆಚ್ಚಾಗಿ ಆ ಪೇಟೆಯ ದರವನ್ನು ಹೇಳುತ್ತದೆ. ಅದರ ಮೇಲೆ ಶೇಕಡಾವಾರು ಏರಿಸಿದರೆ ಕಾಸರಗೋಡಿನ ದರವೇ ಸ್ವಲ್ಪ ಹಿಗ್ಗಿ ಮಂಗಳೂರಿಗೆ ಬಂದು ಕೂರುತ್ತದೆ. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವವರಿಗಿಂತ ಗಡಿಯಾಚೆಯಿಂದ ಬಂದವರಿಗೆ ಕಡಿಮೆ ಸಿಗುತ್ತದೆ, ಮತ್ತು ಮುಂದಿನ ಪ್ರತಿ ಇನ್‌ಕ್ರಿಮೆಂಟೂ ಆ ಕಡಿಮೆಯ ಮೇಲೆಯೇ ಬೆಳೆಯುತ್ತದೆ. ಇದು ಅನ್ಯಾಯ, ಇದನ್ನು ಸರಿಪಡಿಸಲು ಅತ್ಯಂತ ಸುಲಭವಾದ ಗಳಿಗೆ ಸೇರುವ ಮುಂಚಿನದೇ.

ಹಾಗೆಂದು ಹಳೆಯ ಸಂಬಳವನ್ನು ಹೆಚ್ಚಿಸಿ ಹೇಳುವುದು ಪರಿಹಾರವಲ್ಲ. ಸೇರುವಾಗ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಇವುಗಳಲ್ಲಿ ಒಂದನ್ನಾದರೂ ಕೇಳುವುದು ರೂಢಿ. ಅಂಕಿ ತಿರುಚಿದ್ದು ಅಲ್ಲಿ ಬಯಲಾದರೆ ಲೆಕ್ಕ ಬರೆಯುವವರಿಗೆ ಉಳಿಯುವುದು ಏನೂ ಇಲ್ಲ. ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ, ಮಾತನ್ನು ಹೊಸ ಹುದ್ದೆಯ ಕೆಲಸದ ಕಡೆಗೆ ತಿರುಗಿಸುವುದು ಸರಿಯಾದ ದಾರಿ.

ಆ ಮಾತಿಗೆ ಮೊದಲು ಆಫರನ್ನು ಬಿಡಿಸಿ ನೋಡಬೇಕು. ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳಬಹುದು. ಕುಂಬಳೆಯ ಕಡೆಯ ಅಕೌಂಟೆಂಟ್ ಒಬ್ಬರಿಗೆ ಕಾಸರಗೋಡಿನ ವ್ಯಾಪಾರ ಸಂಸ್ಥೆಯಲ್ಲಿ ತಿಂಗಳಿಗೆ 28,000 ರೂಪಾಯಿ, ಅದರಲ್ಲಿ ಮೂಲ ವೇತನ 15,500. ಪಿಎಫ್‌ಗೆ 1,800, ವೃತ್ತಿ ತೆರಿಗೆಗೆ ಸುಮಾರು 200 ಕಳೆದು ಕೈಗೆ 26,000 ಬರುತ್ತದೆ. ಮಂಗಳೂರಿನ ಸಂಸ್ಥೆ ವರ್ಷಕ್ಕೆ 4,80,000 ರೂಪಾಯಿ ಸಿಟಿಸಿ ಎನ್ನುತ್ತದೆ. ತಿಂಗಳಿಗೆ 40,000 ಆಯಿತು. 28,000ದ ಪಕ್ಕದಲ್ಲಿಟ್ಟರೆ ಶೇಕಡಾ 43ರಷ್ಟು ಏರಿಕೆ.

ಈ ಹೋಲಿಕೆಯೇ ತಪ್ಪು. ಸಿಟಿಸಿ ಎಂದರೆ ಸಂಸ್ಥೆಗೆ ತಗಲುವ ಒಟ್ಟು ವೆಚ್ಚ. ಅದರೊಳಗೆ ಮಾಲೀಕರ ಪಾಲಿನ ಪಿಎಫ್ 1,800 ಇದೆ, ಅಂದರೆ 15,000 ರೂಪಾಯಿ ಮಿತಿಯ ಮೇಲೆ ಶೇಕಡಾ 12. ಮೂಲ ವೇತನ 20,000 ಎಂದಿಟ್ಟರೆ ಗ್ರಾಚ್ಯುಟಿಗೆಂದು ಅದರ ಶೇಕಡಾ 4.81, ಸುಮಾರು 960 ರೂಪಾಯಿ ಇದೆ. ಗುಂಪು ವಿಮೆಗೆ 440. ಉಳಿದದ್ದರಲ್ಲಿ 4,000 ರೂಪಾಯಿ ‘ವೇರಿಯಬಲ್’, ಅಂದರೆ ವರ್ಷದ ಕೊನೆಗೆ ಸಾಧನೆ ನೋಡಿ ಕೊಡುವಂಥದ್ದು. ಇವೆಲ್ಲ ಕಳೆದರೆ ತಿಂಗಳ ಸಂಬಳ 32,800. ತನ್ನ ಪಾಲಿನ ಪಿಎಫ್, ವೃತ್ತಿ ತೆರಿಗೆ ಹೋಗಿ ಕೈಗೆ 30,800. ಹಳೆಯ ಕೆಲಸಕ್ಕೂ ಇದೇ ಅಳತೆ ಹಿಡಿದರೆ ಅದರ ಸಿಟಿಸಿ ಸುಮಾರು 30,500 ಆಗುತ್ತದೆ. ಅಲ್ಲಿಗೆ ಶೇಕಡಾ 43 ಎಂದು ಕಂಡದ್ದು 31ಕ್ಕೆ ಇಳಿಯಿತು. ಕೈಗೆ ಬರುವ ಹಣದಲ್ಲಿ ನೋಡಿದರೆ ಏರಿಕೆ 4,800 ರೂಪಾಯಿ ಮಾತ್ರ, ಶೇಕಡಾ 18ರ ಆಸುಪಾಸು.

ಇನ್ನು ಪ್ರಯಾಣ. ರೈಲಿನ ಸೀಸನ್ ಟಿಕೆಟ್ ಅಗ್ಗ. ಆದರೆ ಸ್ಟೇಷನ್ನಿನಲ್ಲಿ ಬೈಕ್ ನಿಲ್ಲಿಸುವ ಬಾಡಿಗೆ, ಮಂಗಳೂರು ಸೆಂಟ್ರಲ್‌ನಿಂದ ಆಫೀಸಿಗೆ ಬಸ್ಸು ಅಥವಾ ಆಟೋ, ಮಧ್ಯಾಹ್ನದ ಊಟ ಸೇರಿ ತಿಂಗಳಿಗೆ 2,500 ಎಂದಿಟ್ಟುಕೊಳ್ಳಬಹುದು. ಉಳಿದದ್ದು 2,300. ಮನೆಯಿಂದ ಮನೆಗೆ ದಿನಕ್ಕೆ ಹೆಚ್ಚುವರಿ ಮೂರು ಗಂಟೆಯಂತೆ, 25 ದಿನಕ್ಕೆ 75 ಗಂಟೆ ಹೋಗುತ್ತದೆ. ಗಂಟೆಗೆ 31 ರೂಪಾಯಿಯೂ ಬೀಳದು. ಈಗಿನ ಕೆಲಸದಲ್ಲೇ ಗಂಟೆಗೆ ಸುಮಾರು 125 ರೂಪಾಯಿ ಸಿಗುತ್ತಿರುವವರಿಗೆ ಇದು ಬಡ್ತಿ ಅನ್ನಿಸಲಾರದು. ಸಂಸ್ಥೆ ಇಲ್ಲಿ ಮೋಸ ಮಾಡಿದೆ ಎಂದಲ್ಲ. ಅದು ತನ್ನ ವೆಚ್ಚ ಹೇಳಿದೆ, ನೌಕರರು ತಮ್ಮ ಆದಾಯ ಲೆಕ್ಕ ಹಾಕಬೇಕು.

ತೆರಿಗೆಯ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12,75,000 ರೂಪಾಯಿವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಆದ್ದರಿಂದ ಈ ಮಟ್ಟದಲ್ಲಿ ಮನೆ ಬಾಡಿಗೆ ಭತ್ಯೆ ಹೆಚ್ಚಿಸಿಕೊಡಿ ಎಂದು ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಮೂಲ ವೇತನ ಎಷ್ಟು ಎಂಬುದು ಮಾತ್ರ ಮುಖ್ಯ, ಏಕೆಂದರೆ ಗ್ರಾಚ್ಯುಟಿ ಅದರ ಮೇಲೆ ನಿಂತಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು. ಮೂಲ ವೇತನ ತೀರಾ ಕಡಿಮೆ ತೋರಿಸಿದ ಆಫರ್ ಬಂದರೆ, ಅದನ್ನು ಹೊಸ ವ್ಯಾಖ್ಯೆಗೆ ಹೊಂದಿಸಿಯಾಗಿದೆಯೇ ಎಂದು ಕೇಳಲೇಬೇಕು. ಇಲ್ಲವಾದರೆ ಸೇರಿದ ಮೇಲೆ ಅದೇ ಸಿಟಿಸಿಯೊಳಗೆ ಗ್ರಾಚ್ಯುಟಿಯ ಪಾಲು ಹೆಚ್ಚಿ ತಿಂಗಳ ಸಂಬಳ ಇಳಿಯಬಹುದು.

ಈ ಲೆಕ್ಕ ಕೈಯಲ್ಲಿದ್ದರೆ ಕೇಳುವುದು ಸುಲಭವಾಗುತ್ತದೆ, ಆದರೆ ಪ್ರಯಾಣದ ಕಷ್ಟವನ್ನೇ ವಾದವಾಗಿ ಮುಂದಿಡಬಾರದು. ನೌಕರರು ಎಲ್ಲಿ ವಾಸಿಸುತ್ತಾರೆ ಎಂಬುದಕ್ಕೆ ಯಾವ ಸಂಸ್ಥೆಯೂ ಬೆಲೆ ಕೊಡುವುದಿಲ್ಲ. ಬೆಲೆ ಇರುವುದು ಕೆಲಸಕ್ಕೆ. ವೋಚರ್ ಹಾಕುವ ಕೈಗಳು ಬೇಕಾದಷ್ಟಿವೆ; ಪ್ರತಿ ತಿಂಗಳು ಜಿಎಸ್‌ಟಿಆರ್-2ಬಿಯನ್ನು ಖರೀದಿ ಪುಸ್ತಕದ ಜತೆ ತಾಳೆ ನೋಡಿ, ಬಿಲ್ಲು ಏರಿಸದ ಸರಬರಾಜುದಾರರನ್ನು ಹಿಡಿದು, 20ನೇ ತಾರೀಕಿನ ಒಳಗೆ 3ಬಿ ಸಲ್ಲಿಸಬಲ್ಲವರು ಕಡಿಮೆ. 7ನೇ ತಾರೀಕಿಗೆ ಟಿಡಿಎಸ್ ಕಟ್ಟಿ, ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟು, ಆಡಿಟರ್ ಕೇಳುವ ಮುಂಚೆಯೇ ಷೆಡ್ಯೂಲುಗಳನ್ನು ಸಿದ್ಧವಿಡುವವರು ಇನ್ನೂ ಕಡಿಮೆ. ಮಧ್ಯಮ ಹಂತದ ಅಕೌಂಟೆಂಟಿನ ಬೆಲೆ ಇಲ್ಲೇ ಇದೆ. ಇಂಥದ್ದನ್ನು ಸಾಮಾನ್ಯ ಮಾತಿನಲ್ಲಿ ಹೇಳದೆ, ಹಳೆಯ ಸಂಸ್ಥೆಯ ಗುಟ್ಟು ಬಿಡದಂತೆ ಒಂದು ಕೆಲಸದ ವಿವರ ಕೊಟ್ಟು ಹೇಳಬೇಕು: ತಿಂಗಳಿಗೆ ಎಷ್ಟು ಬಿಲ್ಲು, ಎಷ್ಟು ನೋಂದಣಿ, ಪುಸ್ತಕ ಮುಗಿಸಲು ಎಷ್ಟು ದಿನ.

ಕಾಸರಗೋಡಿನವರ ಬಳಿ ಇನ್ನೊಂದು ಬಂಡವಾಳ ಇದೆ. ಅದನ್ನು ಅವರೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಂಗಳೂರಿನ ಹಲವು ವ್ಯಾಪಾರಗಳಿಗೆ ಕೇರಳದಲ್ಲಿ ಗಿರಾಕಿಗಳಿದ್ದಾರೆ, ಕೆಲವಕ್ಕೆ ಶಾಖೆಯೂ ಪ್ರತ್ಯೇಕ ಜಿಎಸ್‌ಟಿ ನೋಂದಣಿಯೂ ಇದೆ. ಕಣ್ಣೂರಿನ ವರ್ತಕರಿಗೆ ಫೋನು ಮಾಡಿ ಮಲಯಾಳದಲ್ಲಿ ಬಾಕಿ ಕೇಳಿ, ಅದೇ ಹೊತ್ತಿಗೆ ಗೋದಾಮಿನವರ ಜತೆ ತುಳುವಿನಲ್ಲೂ ಆಡಿಟರ ಜತೆ ಕನ್ನಡದಲ್ಲೂ ಮಾತಾಡಿ ಲೆಕ್ಕ ಹೊಂದಿಸುವವರು ಬೇರೆ ಊರಿನ ಅಭ್ಯರ್ಥಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅಂತರರಾಜ್ಯ ವಹಿವಾಟು ಇರುವ ಸಂಸ್ಥೆಯಾದರೆ ಇದನ್ನು ಸಂದರ್ಶನದಲ್ಲೇ ಹೇಳಬೇಕು.

ಮೇಲಿನ ಉದಾಹರಣೆಯಲ್ಲಿ ಸಿಟಿಸಿ ಹೆಚ್ಚಿಸಿ ಎನ್ನುವುದಕ್ಕಿಂತ, ತಿಂಗಳ ನಿಶ್ಚಿತ ಸಂಬಳ 38,000 ಆಗಲಿ ಎಂದು ಕೇಳುವುದು ಒಳ್ಳೆಯದು. ಸಂಸ್ಥೆ ವೇರಿಯಬಲ್ ಅನ್ನು 4,000ದಿಂದ 2,000ಕ್ಕೆ ಇಳಿಸಿ, ನಿಶ್ಚಿತ ಸಂಬಳವನ್ನು 37,000ಕ್ಕೆ ಒಪ್ಪಿತು ಎನ್ನೋಣ. ಗ್ರಾಚ್ಯುಟಿಯ ಪಾಲು ಕೊಂಚ ಏರಿದರೂ ಒಟ್ಟು ವೆಚ್ಚ ತಿಂಗಳಿಗೆ 42,250ರ ಸುತ್ತ, ಅಂದರೆ ಅದರ ಮೊದಲ ಆಫರಿಗಿಂತ ಶೇಕಡಾ ಆರಕ್ಕೂ ಕಡಿಮೆ ಹೆಚ್ಚಳ. ನೌಕರರ ಕೈಗೆ ಬರುವುದು ಮಾತ್ರ 35,000. ಪ್ರಯಾಣ ಕಳೆದ ಉಳಿಕೆ 2,300ರಿಂದ 6,500ಕ್ಕೆ ಏರಿತು. ಇದರಲ್ಲಿ ಅರ್ಧದಷ್ಟು ಸಾಧ್ಯವಾದದ್ದು ಅನಿಶ್ಚಿತವಾದ ಹಣವನ್ನು ನಿಶ್ಚಿತಕ್ಕೆ ತಿರುಗಿಸಿದ್ದರಿಂದ. ಇನ್ನೂ ಗಂಟೆಗೆ 125ರ ದರ ಮುಟ್ಟಿಲ್ಲವಾದ್ದರಿಂದ ಉಳಿದದ್ದನ್ನು ಸಮಯದಲ್ಲಿ ಕೇಳಬಹುದು. ಸಂಜೆ ಅರ್ಧ ಗಂಟೆ ತಡವಾದರೆ ರೈಲು ತಪ್ಪಿ ಒಂದೂವರೆ ಗಂಟೆ ಹೋಗುವ ಊರಿನವರಿಗೆ, ಆಫೀಸಿನ ವೇಳೆ ಅರ್ಧ ಗಂಟೆ ಹಿಂದಕ್ಕೆ ಸರಿದರೆ ಅದೇ ದೊಡ್ಡ ಲಾಭ.

ಸೇರುವ ದಿನಾಂಕದಲ್ಲೂ ಹಣವಿದೆ. ಹಳೆಯ ಸಂಸ್ಥೆಯಲ್ಲಿ ನಾಲ್ಕು ವರ್ಷ ಏಳು ತಿಂಗಳಾಗಿದ್ದರೆ, ಐದು ವರ್ಷ ತುಂಬಿದಾಗ ಸಿಗುವ ಗ್ರಾಚ್ಯುಟಿ 15,500ರ 26ನೇ ಒಂದು ಭಾಗದ 15 ಪಟ್ಟು, ಅದರ ಐದು ಪಟ್ಟು: ಸುಮಾರು 44,700 ರೂಪಾಯಿ. ಐದನೇ ವರ್ಷದಲ್ಲಿ 240 ದಿನ ದುಡಿದರೆ ಸಾಕೆಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಆದರೆ ಎಲ್ಲ ಮಾಲೀಕರೂ ಅದನ್ನು ಒಪ್ಪುವುದಿಲ್ಲವಾದ್ದರಿಂದ ಪೂರ್ತಿ ಐದು ವರ್ಷವೇ ಭದ್ರ. ಹೊಸ ಸಂಸ್ಥೆ ಅಷ್ಟು ಕಾಯಲಾರದಾದರೆ ಆ ನಷ್ಟವನ್ನು ಸೇರ್ಪಡೆ ಬೋನಸ್ಸಾಗಿ ಕೇಳುವುದು ನ್ಯಾಯ. ಲೆಕ್ಕಪರಿಶೋಧನೆಗೆ ಒಳಪಡುವ ಸಂಸ್ಥೆಗಳ ತೆರಿಗೆ ಆಡಿಟ್ ವರದಿಗೆ ಸೆಪ್ಟೆಂಬರ್ 30 ವಾಡಿಕೆಯ ಗಡುವು; ಜುಲೈ, ಆಗಸ್ಟ್‌ನಲ್ಲಿ ಕುರ್ಚಿ ಖಾಲಿಯಾಗಿರುವ ಸಂಸ್ಥೆ ಇಂಥ ಬೇಡಿಕೆಗೆ ಬೇಗ ಮಣಿಯುತ್ತದೆ.

ಈ ಚೌಕಾಸಿಗೆ ಮಿತಿಗಳೂ ಇವೆ. ಸಹಕಾರಿ ಸಂಘ, ಬ್ಯಾಂಕುಗಳಲ್ಲಿ ವೇತನ ಶ್ರೇಣಿ ಗೊತ್ತಾಗಿರುತ್ತದೆ. ಅಲ್ಲಿ ಮಾತಾಡಲು ಉಳಿಯುವುದು ಹೆಚ್ಚೆಂದರೆ ಸೇರುವ ದಿನ ಮಾತ್ರ. ಮಾಲೀಕರೇ ಕೂತು ನಡೆಸುವ ಸಣ್ಣ ಅಂಗಡಿಯಲ್ಲಿ ‘ಆರು ತಿಂಗಳು ನೋಡಿ ಹೆಚ್ಚಿಸೋಣ’ ಎಂಬ ಮಾತು ಬರುತ್ತದೆ. ಆ ಮಾತು ಪತ್ರದಲ್ಲಿ ಮೊತ್ತದೊಂದಿಗೆ ಬಂದರೆ ಮಾತ್ರ ಅದನ್ನು ಸಂಬಳದ ಭಾಗವೆಂದು ಎಣಿಸಬೇಕು. ಆಫರ್ ಲೆಟರಿನಲ್ಲಿ ನೋಡಬೇಕಾದವು ಹೆಚ್ಚಿಲ್ಲ: ವೇರಿಯಬಲ್ ಯಾವ ಅಳತೆಯ ಮೇಲೆ, ಯಾವ ತಿಂಗಳು ಕೊಡುತ್ತಾರೆ; ವರ್ಷದ ನಡುವೆ ಸೇರಿದವರಿಗೆ ಬರುವ ಏಪ್ರಿಲ್‌ನ ಇನ್‌ಕ್ರಿಮೆಂಟ್ ಉಂಟೋ ಇಲ್ಲವೋ; ನೋಟಿಸ್ ಅವಧಿ ಒಂದು ತಿಂಗಳೋ ಮೂರೋ; ಬಾಂಡ್ ಇದೆಯೇ. ‘ಆಡಳಿತದ ವಿವೇಚನೆಗೆ ಒಳಪಟ್ಟು’ ಎಂದು ಬರೆದ ವೇರಿಯಬಲ್ ಅನ್ನು ಮನೆಯ ಖರ್ಚಿನ ಲೆಕ್ಕದಲ್ಲಿ ಸೊನ್ನೆ ಎಂದೇ ಹಿಡಿಯಬೇಕು. ಒಪ್ಪಿದ್ದೆಲ್ಲ ತಿದ್ದಿದ ಪತ್ರದಲ್ಲಿ ಬಂದ ಮೇಲೆಯೇ ಹಳೆಯ ಸಂಸ್ಥೆಗೆ ರಾಜೀನಾಮೆ ಕೊಡಬೇಕು. ಆಗ ಹಳೆಯ ಯಜಮಾನರು ತಾವೂ ಹೆಚ್ಚಿಸಿ ಕೊಡುತ್ತೇವೆ ಎಂದರೆ, ಪ್ರಯಾಣವಿಲ್ಲದ 33,000 ರೂಪಾಯಿ ಸಂಬಳವೂ ಕೈಯಲ್ಲಿ ಉಳಿಯುವ ಹಣದ ಲೆಕ್ಕದಲ್ಲಿ ಮಂಗಳೂರಿನ 37,000ಕ್ಕೆ ಹತ್ತಿರವೇ ಇರುತ್ತದೆ. ಆಗ ಆಯ್ಕೆ ಮುಂದಿನ ಐದು ವರ್ಷದಲ್ಲಿ ಎಲ್ಲಿ ಏನು ಕಲಿಯಲು ಸಿಗುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ.