ಬರಹದಲ್ಲಿ ಕಂಡವರು, ಎದುರಿಗೆ ಬಂದವರು

ಹಿಂದೆ ನಮ್ಮ ಮನೆತನಗಳಲ್ಲಿ ಕನ್ಯೆ ನೋಡಲು ಬರುವ ವರನು ಕನ್ಯೆಗೆ ಪೂರ್ಣ ಅಪರಿಚಿತನಾಗಿರುತ್ತಿದ್ದನು. ಅವನ ಬಗೆಗೆ ಅವಳಿಗೆ ಯಾವ ನಿರೀಕ್ಷೆಯೂ ಇರುತ್ತಿರಲಿಲ್ಲ. ಆದ್ದರಿಂದ ನಿರಾಶೆಗೂ ಹೆಚ್ಚಿನ ಎಡೆಯಿರಲಿಲ್ಲ. ಈಗ ಹಾಗಲ್ಲ. ಜಾತಕವೋ ಪರಿಚಯ ಪತ್ರವೋ ಕೈಸೇರಿದ ಮರುದಿನವೇ ಹಿರಿಯರ ಒಪ್ಪಿಗೆಯಿಂದ ದೂರವಾಣಿ ಸಂಖ್ಯೆಗಳ ವಿನಿಮಯವಾಗುತ್ತದೆ. ಹುಡುಗ ಹುಡುಗಿಯರು ವಾಟ್ಸಾಪಿನಲ್ಲಿ ವಾರಗಟ್ಟಲೆ ಬರೆದುಕೊಳ್ಳುತ್ತಾರೆ. ಆಮೇಲೆ ಒಂದು ಭಾನುವಾರ ಮನೆಯಲ್ಲಿ ಭೇಟಿಯಾಗುತ್ತಾರೆ. ಆ ಭಾನುವಾರದ ಸಂಜೆ ಕೆಲವು ಮನೆಗಳಲ್ಲಿ ನಡೆಯುವ ಮಾತುಕತೆಯೇ ಈ ಸಲದ ನಮ್ಮ ವಿಷಯ.

ಗದಗಿನಲ್ಲಿರುವ ನಮ್ಮ ಆಪ್ತ ಮನೆತನವೊಂದರ ಸಂಗತಿಯಿದು. ಹುಡುಗಿಗೆ 26 ವರ್ಷ, ಪ್ರೌಢಶಾಲೆಯ ಶಿಕ್ಷಕಿ. ವರನಿಗೆ 30, ಪುಣೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ಮೂಲ ಬೈಲಹೊಂಗಲದ ಕಡೆಯವರು. ರಜೆ ಸಿಗದ ಕಾರಣ ಭೇಟಿ ಮುಂದೆ ಹೋಗುತ್ತ ಏಳು ವಾರಗಳು ಕಳೆದವು. ಅಷ್ಟೂ ದಿನ ರಾತ್ರಿ ಊಟವಾದ ಮೇಲೆ ಇಬ್ಬರೂ ಬರೆದುಕೊಂಡರು. ಕೊನೆಗೆ ವರನ ಕಡೆಯವರು ಎಂಟು ಜನ ಬಂದರು. ಶಿರಾ, ಉಪ್ಪಿಟ್ಟು, ಚಹಾ ಆಯಿತು. ಹಿರಿಯರು ಮಳೆ ಬೆಳೆ ಮಾತಾಡಿದರು. ವರ ಮಾತ್ರ ನೆಲ ನೋಡುತ್ತ ಕುಳಿತಿದ್ದು, ಕೇಳಿದ್ದಕ್ಕೆ ಒಂದೊಂದೇ ಮಾತಿನ ಉತ್ತರ ಕೊಟ್ಟು, ಸುಮಾರು ಮುಕ್ಕಾಲು ಗಂಟೆಯಲ್ಲಿ ಎಲ್ಲರೊಡನೆ ಎದ್ದು ಹೋದರು.

ಅಂದು ನಾವೂ ಅಲ್ಲಿದ್ದೆವು. ಅತಿಥಿಗಳು ಹೋದ ಮೇಲೆ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕಾಕಾ, ಫೋನಿನ್ಯಾಗ ಮಾತಾಡಿದವರು ಬ್ಯಾರೆ, ಇವತ್ತ ಮನಿಗೆ ಬಂದವರು ಬ್ಯಾರೆ" ಎಂದಳು. ಅವಳ ತಂದೆಯವರಿಗೆ ಇದು ಹುಡುಗಾಟವೆನಿಸಿತು. ನಿಶ್ಚಿತಾರ್ಥಕ್ಕೆ ಮೂರು ವಾರದ ನಂತರದ ದಿನವನ್ನು ಬಾಯಿಮಾತಿನಲ್ಲಿ ಹೇಳಿಯೂ ಆಗಿತ್ತು. ನಮಗೆ ಅದು ಹುಡುಗಾಟವೆನಿಸಲಿಲ್ಲ. ಅವಳು ಕಂಡ ವ್ಯತ್ಯಾಸ ನಿಜವೇ ಆಗಿತ್ತು. ಆ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕಾಗಿತ್ತು.

ಬರೆಯುವವನಿಗೆ ಒಂದು ಅನುಕೂಲವಿದೆ. ಒಂದು ವಾಕ್ಯ ಬರೆದು ಅಳಿಸಬಹುದು, ತಿದ್ದಬಹುದು, ಅರ್ಧ ಗಂಟೆ ಬಿಟ್ಟು ಉತ್ತರಿಸಬಹುದು. ತನ್ನಲ್ಲಿ ಒಳ್ಳೆಯದೆನಿಸಿದ್ದನ್ನು ಮೊದಲು ತೋರಬಹುದು. ಇದು ವಂಚನೆಯಲ್ಲ, ನೆಂಟರು ಬರುವಾಗ ಪಡಸಾಲೆ ಗುಡಿಸಿದಂತೆ. ಓದುವವರೂ ಸುಮ್ಮನಿರುವುದಿಲ್ಲ. ಅಕ್ಷರದಲ್ಲಿ ದನಿಯಿಲ್ಲ, ಮುಖವಿಲ್ಲ. ಆ ಖಾಲಿ ಜಾಗವನ್ನು ಓದುವವರು ತಮಗೆ ಬೇಕಾದ ದನಿಯಿಂದ, ಬೇಕಾದ ಮುಖದಿಂದ ತುಂಬಿಕೊಳ್ಳುತ್ತಾರೆ. ಅಮೆರಿಕದ ಸಂವಹನ ವಿದ್ವಾಂಸ ಜೋಸೆಫ್ ವಾಲ್ಥರ್ ಅವರು 1996ರಲ್ಲಿಯೇ ಇದನ್ನು ವಿವರಿಸಿದ್ದಾರೆ. ಕಂಪ್ಯೂಟರಿನ ಮೂಲಕ ಬರೆದುಕೊಳ್ಳುವವರ ನಡುವಿನ ಆತ್ಮೀಯತೆ ಕೆಲವೊಮ್ಮೆ ಎದುರಾಎದುರು ಕುಳಿತವರದಕ್ಕಿಂತ ಹೆಚ್ಚಾಗಿ ಬೆಳೆಯುತ್ತದೆ ಎಂಬುದು ಅವರ ವಿಚಾರ. ಒಬ್ಬರು ಆಯ್ದು ಬರೆಯುತ್ತಾರೆ, ಇನ್ನೊಬ್ಬರು ಹಿರಿದಾಗಿಸಿ ಓದುತ್ತಾರೆ. ಹಾಗೆ ಓದಿದವರ ಉತ್ತರ ಕಂಡು ಮೊದಲಿನವರು ಇನ್ನೂ ಚೆನ್ನಾಗಿ ಬರೆಯುತ್ತಾರೆ.

ದಿನ ಹೆಚ್ಚಿದಂತೆ ಈ ಚಿತ್ರ ಗಟ್ಟಿಯಾಗುತ್ತದೆ. ಅಂತರ್ಜಾಲದಲ್ಲಿ ಪರಿಚಯವಾಗಿ ಅನಂತರ ಭೇಟಿಯಾದ 400ಕ್ಕೂ ಹೆಚ್ಚು ಜನರನ್ನು ವಿಚಾರಿಸಿದ ಒಂದು ಅಧ್ಯಯನ 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಬೇಗನೆ ಭೇಟಿಯಾದವರಿಗೆ ಆ ಭೇಟಿ ಹಿತವಾಗಿಯೂ, ಬಹುಕಾಲ ಬರೆದುಕೊಂಡು ತಡವಾಗಿ ಭೇಟಿಯಾದವರಿಗೆ ಅಷ್ಟು ಹಿತವಲ್ಲದಾಗಿಯೂ ಕಂಡಿತ್ತು. ಅಲ್ಲಿಯ ರೀತಿ ಬೇರೆ, ನಮ್ಮ ರೀತಿ ಬೇರೆ. ಆದರೂ ಏಳು ವಾರ ಬರೆದುಕೊಂಡವರ ಮೊದಲ ಭೇಟಿ ತುಸು ಕಹಿಯಾದರೆ ಅದರಲ್ಲಿ ಅಚ್ಚರಿಯಿಲ್ಲ.

ಇಷ್ಟನ್ನು ಹೇಳಿ, ಒಂದು ನೋಟುಬುಕ್ಕು ತರಲು ಅವಳಿಗೆ ತಿಳಿಸಿದೆವು. ಹಾಳೆಗೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿಸಿದೆವು. ಅವರು ಬರೆದದ್ದು ಏನು, ನೀನು ಅದರಿಂದ ತಿಳಿದುಕೊಂಡದ್ದು ಏನು, ಇಂದು ಕಂಡದ್ದು ಏನು ಎಂಬ ಮೂರು ತಲೆಬರಹ. ಸಂದೇಶಗಳನ್ನು ನಮಗೆ ತೋರಿಸುವ ಅಗತ್ಯವಿಲ್ಲ, ನೀನೇ ಮತ್ತೊಮ್ಮೆ ಓದಿ ಬರೆ ಎಂದೆವು. ಮರುದಿನ ಅವಳು ತಂದ ಹಾಳೆ ಬಹಳ ಸಂಗತಿಗಳನ್ನು ಹೇಳುತ್ತಿತ್ತು.

ಮೊದಲನೆಯದು ಮಾತುಗಾರಿಕೆ. ಅವರು ಬಹಳ ಮಾತುಗಾರರೆಂದು ಅವಳು ತಿಳಿದಿದ್ದಳು. ಆದರೆ ಏಳು ವಾರದಲ್ಲಿ ಇಬ್ಬರೂ ದನಿಯಲ್ಲಿ ಮಾತಾಡಿದ್ದು ಎರಡೇ ಸಲ; ಎರಡೂ ಸಲ ಐದು ನಿಮಿಷದೊಳಗೆ ಮುಗಿದಿತ್ತು. ಎರಡೂ ಸಲ ಅವರು "ರಾತ್ರಿ ಬರೀತೀನ್ರಿ" ಎಂದೇ ಮುಗಿಸಿದ್ದರು. ಅವರ ದೊಡ್ಡ ಉತ್ತರಗಳೆಲ್ಲ ಇಪ್ಪತ್ತು ಮೂವತ್ತು ನಿಮಿಷ ತಡವಾಗಿ ಬಂದಿದ್ದವು. ಅಂದರೆ ಅವರು ಬರವಣಿಗೆಯಲ್ಲಿ ಬಿಚ್ಚಿಕೊಳ್ಳುವ, ಮಾತಿನಲ್ಲಿ ಮುದುಡುವ ಸ್ವಭಾವದವರು. ಆ ಸುಳಿವು ಮೊದಲಿನಿಂದ ಇತ್ತು, ಅವಳು ಗಮನಿಸಿರಲಿಲ್ಲ. ಅದಲ್ಲದೆ ರಾತ್ರಿ ಒಬ್ಬರಿಗೊಬ್ಬರು ಬರೆಯುವುದು ಬೇರೆ, ಎರಡೂ ಕಡೆಯ ಹಿರಿಯರ ನಡುವೆ ಬಾಯಿಬಿಡುವುದು ಬೇರೆ. ಅಂದು ಅವಳು ತಾನೇ ಎಷ್ಟು ಮಾತಾಡಿದಳೆಂದು ಕೇಳಿದೆವು. ಅವಳು ನಕ್ಕು ಸುಮ್ಮನಾದಳು.

ಎರಡನೆಯದು ರೂಪ. ಭಾವಚಿತ್ರ ಎರಡು ವರ್ಷ ಹಳೆಯದಾಗಿತ್ತು. ಈಗ ಅವರು ತುಸು ದಪ್ಪಗಾಗಿದ್ದರು. ಇದನ್ನು ಬರೆದು ಅವಳೇ ಗೀಟು ಹಾಕಿ ಹೊಡೆದಿದ್ದಳು.

ಮೂರನೆಯದೇ ನಿಜವಾದ ಕಗ್ಗಂಟು. ಮದುವೆಯ ನಂತರವೂ ಕಲಿಸುವ ಕೆಲಸ ಬಿಡಲಾರೆನೆಂದು ಅವಳು ಬರೆದಾಗ ಅವರು, "ನಿಮ್ಮ ಇಷ್ಟದಂತೆ ಆಗಲಿ" ಎಂದು ಉತ್ತರಿಸಿದ್ದರು. ಮನೆಯವರೆಲ್ಲರ ಒಪ್ಪಿಗೆಯೂ ಇದೆಯೆಂದು ಅವಳು ತಿಳಿದಳು. ಆದರೆ ಭಾನುವಾರ ವರನ ತಾಯಿಯವರು ಚಹಾ ಕುಡಿಯುತ್ತ, "ನಮ್ಮ ಮನ್ಯಾಗ ಸೊಸಿ ನೌಕರಿ ಮಾಡೂದೇನ ಬೇಕಾಗಿಲ್ಲ ಬಿಡ್ರಿ" ಎಂದಿದ್ದರು. ವರ ಆಗಲೂ ನೆಲ ನೋಡುತ್ತಿದ್ದರು. ಅವಳ ನಿರಾಶೆಯ ಬೇರು ಇಲ್ಲಿತ್ತು. ಮಾತು ಕಡಿಮೆಯೆಂಬುದನ್ನು ಅವಳು ಸಹಿಸಬಲ್ಲಳು. ಈ ಮೌನ ಸಂಕೋಚದ್ದೋ ಸಮ್ಮತಿಯದ್ದೋ ಎಂಬುದು ತಿಳಿಯದೆ ಅವಳು ಬಳಲುತ್ತಿದ್ದಳು.

ಇಲ್ಲಿ ಒಂದು ಭೇದವನ್ನು ನಮ್ಮ ಕುಟುಂಬಗಳು ಮರೆಯಬಾರದು. ಸ್ವಭಾವ, ದನಿ, ಚುರುಕುತನ, ರೂಪ ಇವುಗಳಲ್ಲಿ ಕಂಡ ವ್ಯತ್ಯಾಸಕ್ಕೆ ನಮ್ಮ ನಿರೀಕ್ಷೆಯನ್ನು ತಗ್ಗಿಸಿಕೊಂಡು ಇನ್ನೊಂದು ಭೇಟಿಯ ಅವಕಾಶ ಕೊಡುವುದು ನ್ಯಾಯ. ಆದರೆ ವಯಸ್ಸು, ಓದು, ನೌಕರಿ, ಸಾಲ, ಕಾಯಿಲೆ, ಹಿಂದಿನ ಮದುವೆ ಇವುಗಳಲ್ಲಿ ಬರೆದದ್ದು ಒಂದು, ಇರುವುದು ಇನ್ನೊಂದಾದರೆ ಅಲ್ಲಿ ತಗ್ಗಿಸಿಕೊಳ್ಳಬೇಕಾದ ನಿರೀಕ್ಷೆ ಯಾವುದೂ ಇಲ್ಲ. ಇನ್ನೊಂದು ಮನೆಯಲ್ಲಿ ವರನು ಎಲ್ಲ ವಿಷಯದಲ್ಲೂ ಬರೆದಷ್ಟೇ ಸರಾಗವಾಗಿ ಮಾತಾಡಿದ್ದನು. ಕಚೇರಿಯ ಮಾತು ಬಂದಾಗ ಮಾತ್ರ ವಿಷಯ ಬದಲಿಸುತ್ತಿದ್ದನು. ವಿಚಾರಿಸಿದಾಗ ಕಾಯಂ ಎಂದು ಹೇಳಿದ ನೌಕರಿ ಗುತ್ತಿಗೆಯದಾಗಿತ್ತು, ಅದೂ ಮುಗಿದಿತ್ತು. ಸಂಕೋಚದವರು ಸಾಮಾನ್ಯವಾಗಿ ಎಲ್ಲದಕ್ಕೂ ತಡವರಿಸುತ್ತಾರೆ. ಮುಚ್ಚಿಡುವವರು ಒಂದೇ ಕಡೆ ತಡವರಿಸುತ್ತಾರೆ. ಇದು ಸುಳಿವೇ ಹೊರತು ಸಾಕ್ಷಿಯಲ್ಲ. ಸಾಕ್ಷಿಗೆ ವೇತನದ ಚೀಟಿ, ಅಂಕಪಟ್ಟಿ, ಊರಿನವರ ಮಾತು ಬೇಕು.

ನಮ್ಮ ಹುಡುಗಿಗೆ ಎರಡನೆಯ ಭೇಟಿ ಬೇಕಾಗಿತ್ತು, ಅದೂ ಬೇರೆ ರೀತಿಯದು. ಅವಳ ತಂದೆಯವರನ್ನು ಒಪ್ಪಿಸಲು ನಮಗೆ ಎರಡು ದಿನ ಹಿಡಿಯಿತು. ನಿಶ್ಚಿತಾರ್ಥದ ದಿನವನ್ನು ಮುಂದೂಡಿ, ಹತ್ತು ದಿನಗಳ ನಂತರ ಭೀಷ್ಮ ಕೆರೆಯ ಉದ್ಯಾನದಲ್ಲಿ ಸಂಜೆಯ ಹೊತ್ತು ಇಬ್ಬರೂ ಕೂಡುವುದೆಂದಾಯಿತು. ಅವಳ ಅಣ್ಣ ತುಸು ದೂರದಲ್ಲಿ ಕುಳಿತನು. ಎದುರುಬದುರು ಕೂಡುವುದಕ್ಕಿಂತ ಜೊತೆಯಲ್ಲಿ ನಡೆದಾಡಿರಿ ಎಂದಿದ್ದೆವು; ಮುಖ ನೋಡುವ ಒತ್ತಾಯವಿಲ್ಲದಾಗ ಮಾತು ಬರುವವರಿದ್ದಾರೆ. ನಡುವಿನ ಹತ್ತು ದಿನ ಬರೆಯುವುದನ್ನು ಕಡಿಮೆ ಮಾಡಿ, ಮೂರು ಸಲ ಹತ್ತು ಹತ್ತು ನಿಮಿಷ ದನಿಯಲ್ಲಿ ಮಾತಾಡಲು ಹೇಳಿದ್ದೆವು. ಅದರಿಂದ ಅವರ ನಿಜವಾದ ಮಾತಿನ ಗತಿ ಅವಳ ಕಿವಿಗೆ ರೂಢಿಯಾಯಿತು.

ಅಂದು ಅವಳು ನೌಕರಿಯ ಮಾತನ್ನು ನೇರವಾಗಿ ಕೇಳಿದಳು. ಅವರು ಬಹಳ ಹೊತ್ತು ಸುಮ್ಮನಿದ್ದು, ತಾಯಿಯವರಿಗೆ ಇನ್ನೂ ಹೇಳಿಯೇ ಇಲ್ಲವೆಂದು ಒಪ್ಪಿಕೊಂಡರು. ಬರೆದದ್ದು ಸುಳ್ಳಲ್ಲ, ಅರ್ಧ ಕೆಲಸ. ಅವಳು ಕೋಪಗೊಳ್ಳದೆ, "ನನಗ ಬರದದ್ದನ್ನ ಅವ್ವಾರ ಮುಂದ ಹೇಳ್ರಿ. ಹೇಳಿದ ಮ್ಯಾಲೆ ದಿನಾ ಗೊತ್ತು ಮಾಡೂಣು" ಎಂದಳಂತೆ. ಹದಿನೈದು ದಿನಗಳ ನಂತರ ಅವರ ತಂದೆಯವರೇ ಫೋನು ಮಾಡಿ, ಮಗ ಹೇಳಿದ್ದಾನೆ, ತಾಯಿ ಮೊದಲು ಮುನಿದರೂ ಒಪ್ಪಿದ್ದಾಳೆ, ಪುಣೆಯಲ್ಲಿ ಶಾಲೆ ನೋಡೋಣ ಎಂದು ತಿಳಿಸಿದರು. ಅನಂತರವೇ ನಿಶ್ಚಿತಾರ್ಥವಾಯಿತು.

ಹಾಗಾಗದೆ ಹೋಗಿದ್ದರೂ ನಾವು ಅವಳ ಪಕ್ಷವನ್ನೇ ವಹಿಸುತ್ತಿದ್ದೆವು. ಎರಡು ಮೂರು ಭೇಟಿಯಾದ ಮೇಲೂ ಮನಸ್ಸು ಒಪ್ಪದಿದ್ದರೆ ಬೇಡವೆನ್ನುವ ಅಧಿಕಾರ ಹುಡುಗಿಗೂ ಇದೆ, ಹುಡುಗನಿಗೂ ಇದೆ. ವಾರಗಟ್ಟಲೆ ಬರೆದುಕೊಂಡದ್ದು ಮದುವೆಯಿಂದ ತೀರಿಸಬೇಕಾದ ಸಾಲವಲ್ಲ. ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಪರಿಚಯವಾದ ಎರಡು ಮೂರು ವಾರದೊಳಗೆ ಮೊದಲ ಭೇಟಿ ಏರ್ಪಡಿಸಿರಿ. ದೂರದ ಊರಾದರೆ ಮೊದಲ ವಾರದಲ್ಲಿಯೇ ಮುಖ ಕಾಣುವಂತೆ ವಿಡಿಯೋ ಕರೆಯಲ್ಲಿ ಮಾತಾಡಲು ಹೇಳಿರಿ. ಮೊದಲ ಭೇಟಿಯ ದಿನವೇ ಹೂಂ ಎಂದಾಗಲಿ ಊಹೂಂ ಎಂದಾಗಲಿ ಹೇಳಿಸಬೇಡಿರಿ.

ಮೊನ್ನೆ ಆ ದಂಪತಿಗಳು ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದರು. ಅಳಿಯಂದಿರು ಅರ್ಧ ಗಂಟೆಯಲ್ಲಿ ನಾಲ್ಕೈದು ಮಾತು ಆಡಿರಬಹುದು. ಅವರು ಈಗಲೂ ಹೀಗೆಯೇನವ್ವ ಎಂದು ಮೆಲ್ಲನೆ ಕೇಳಿದೆವು. "ಹೌದ್ರಿ ಕಾಕಾ, ಏನರೆ ಮಹತ್ವದ್ದು ಹೇಳೂದಿದ್ರ ಈಗೂ ಬಾಜೂ ಖೋಲಿಯಿಂದ ಬರದ ಕಳಸ್ತಾರ. ನಾ ಎದ್ದ ಹೋಗಿ ಎದುರಿಗೆ ಕುಂತು ಉತ್ತರಾ ಹೇಳತೀನಿ" ಎಂದಳು.