ಸ್ಕ್ರೀನ್‌ಶಾಟ್ ರಸೀದಿಯಲ್ಲ

ಪುಣೆಯಲ್ಲಿ ಮನೆಯಲ್ಲೇ ಈರುಳ್ಳಿ, ಬೆಳ್ಳುಳ್ಳಿಯಿಲ್ಲದ ತಿಂಡಿ ತಯಾರಿಸಿ ಇನ್‌ಸ್ಟಾಗ್ರಾಮ್ ಮೂಲಕ ಮಾರುವ ನಮ್ಮ ಸಮಾಜದ ಸಹೋದರಿಯೊಬ್ಬರು ದೀಪಾವಳಿಯ ನಂತರ ಲೆಕ್ಕಪತ್ರದೊಂದಿಗೆ ನನ್ನಲ್ಲಿಗೆ ಬಂದಿದ್ದರು. ಒಂದು ಆರ್ಡರಿನ ಹಣ ಮಾತ್ರ ತಾಳೆಯಾಗುತ್ತಿರಲಿಲ್ಲ. ಗ್ರಾಹಕ ಕಳುಹಿಸಿದ್ದ ಸ್ಕ್ರೀನ್‌ಶಾಟಿನಲ್ಲಿ 1,850 ರೂಪಾಯಿ, ಸಮಯ, 12 ಅಂಕಿಗಳ ಯುಟಿಆರ್ ಸಂಖ್ಯೆ, ಎಲ್ಲವೂ ಇದ್ದವು. ಹಿಂದೆಯೇ ಅವನೇ ಗೊತ್ತುಮಾಡಿದ ಡೆಲಿವರಿ ಹುಡುಗ ಬಾಗಿಲಿಗೆ ಬಂದು ನಿಂತಿದ್ದ.

ಬ್ಯಾಂಕ್ ಖಾತೆಯ ವಿವರದಲ್ಲಿ ಆ ಸಂಖ್ಯೆಯನ್ನು ಹುಡುಕಿದೆವು. ಅದು ನಿಜಕ್ಕೂ ಇತ್ತು. ಜಮೆಯಾದದ್ದು ಮಾತ್ರ 18 ರೂಪಾಯಿ 50 ಪೈಸೆ! ಮೋಸಗಾರ ಚಿಕ್ಕ ಮೊತ್ತವನ್ನು ನಿಜವಾಗಿ ಪಾವತಿಸಿ, ಚಿತ್ರದಲ್ಲಿ ಬಿಂದುವನ್ನಷ್ಟೇ ಅಳಿಸಿದ್ದ. ಆದುದರಿಂದ ಯುಟಿಆರ್ ಒಂದನ್ನೇ ನೋಡಿದರೆ ಸಾಲದು. ಸ್ವಂತ ಬ್ಯಾಂಕ್ ಆ್ಯಪ್ ತೆರೆದು ಮೊತ್ತವನ್ನೂ ನೋಡಬೇಕು. ಎಸ್‌ಎಂಎಸ್ಸನ್ನೂ ನಂಬಲಾಗದು, ಅದನ್ನೂ ನಕಲು ಮಾಡುತ್ತಾರೆ.

ತಿದ್ದಿದ ಸ್ಕ್ರೀನ್‌ಶಾಟ್ ಭಾರತೀಯ ನ್ಯಾಯ ಸಂಹಿತೆಯ 336ನೆಯ ಕಲಮಿನಂತೆ ಖೋಟಾ, 318ರಂತೆ ವಂಚನೆ. ಆದರೆ 1930 ಸಹಾಯವಾಣಿಯ ಬಲವಿರುವುದು ಖಾತೆಯಿಂದ ಹೊರಟ ಹಣವನ್ನು ತಡೆಹಿಡಿಯುವುದರಲ್ಲಿ. ಇಲ್ಲಿ ಹೊರಟದ್ದು ಹಣವಲ್ಲ, ಚಕ್ಕುಲಿ. ತಡೆಹಿಡಿಯಲು ಏನೂ ಉಳಿದಿರುವುದಿಲ್ಲ. ಅಲ್ಪ ಮೊತ್ತದ ದೂರನ್ನು ದಾಖಲಿಸಿಕೊಳ್ಳಲು ಹಿಂಜರಿಯುವ ಠಾಣೆಗಳನ್ನು ಸರ್ಕಾರ ಪ್ರಶ್ನಿಸಬೇಕು; ದೊಡ್ಡ ವರ್ತಕನ ನಷ್ಟವೊಂದೇ ನಷ್ಟವಲ್ಲ.

ನನಗೆ ಹೆಚ್ಚು ನೋವಾದದ್ದು ಬೇರೆ. "ನಮ್ಮವರೇ ಅಂದರು, ಹಣ ಬಂತೇ ಎಂದು ನೋಡಿ ಕಳುಹಿಸುತ್ತೇನೆ ಎನ್ನಲು ಸಂಕೋಚವಾಯಿತು, ಅಣ್ಣಾ" ಎಂದರು ಆಕೆ. ಈ ಸಂಕೋಚವನ್ನು ಕಲಿಸಿದವರು ನಾವೇ. ಅಚೌರ್ಯ ವ್ರತ ಕೊಳ್ಳುವವನಿಗೂ ಇದೆ.