ಜಾತಿ ಕೂಗಿದ ಮೇಲೆ ಕೈ ನಿಧಾನವಾದುದೇಕೆ?

ಪೇಟೆಬೀದಿಯ ಅಂಗಡಿಕಟ್ಟೆಯ ಮೇಲೆ ಕುಳಿತರೆ ವರ್ಷಕ್ಕೊಮ್ಮೆ, ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ, ತಪ್ಪದೆ ಕಿವಿಗೆ ಬೀಳುವ ಮಾತೊಂದಿದೆ. "ಪುಸ್ತಕ ಕೊಟ್ಟರು, ಹಾಸ್ಟೆಲು ಕೊಟ್ಟರು, ಫೀಸು ಬಿಟ್ಟರು, ಆದರೂ ಆ ಹುಡುಗರು ಮೇಲೆ ಬರಲಿಲ್ಲ ನೋಡಿ. ತಲೆಯೇ ಇಲ್ಲದಿದ್ದರೆ ಸರ್ಕಾರ ಏನು ಮಾಡೀತು?" ಈ ಮಾತನ್ನು ಆಡುವವರು ಕೆಟ್ಟವರೇನಲ್ಲ. ನಮಗೆ ಸಾಲಕ್ಕೆ ಬೆಲ್ಲ ಕೊಡುವವರೇ, ಮೆರವಣಿಗೆಯ ದಿನ ಅಂಗಡಿ ಮುಚ್ಚುವವರೇ. ಆದ್ದರಿಂದಲೇ ಇದಕ್ಕೆ ಸಿಟ್ಟಿನ ಉತ್ತರವನ್ನು ಬಿಟ್ಟು, ಲೆಕ್ಕದ ಉತ್ತರವನ್ನೇ ಕೊಡಬೇಕೆಂದು ನಾವು ಬಗೆದಿದ್ದೇವೆ.

ಆ ಲೆಕ್ಕ ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ನಡೆದದ್ದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಅದನ್ನು ನಡೆಸಿ, 2004ರಲ್ಲಿ ಮೊದಲ ವರದಿಯನ್ನು ಹೊರತಂದರು. ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದ 321 ಮಂದಿ ಮೇಲುಜಾತಿಯ ಹುಡುಗರು, ಅಷ್ಟೇ ಮಂದಿ, ಅಂದರೆ 321, ದಲಿತ ಹುಡುಗರು. ಇವರಿಗೆ ಕೊಟ್ಟ ಕೆಲಸ ಪಾಠವಲ್ಲ, ಪದ್ಯವಲ್ಲ. ಕಾಗದದ ಮೇಲೆ ಬರೆದ ಚಕ್ರವ್ಯೂಹದಂಥ ಗೆರೆಗಳ ನಡುವೆ ದಾರಿ ಹುಡುಕುವುದು. ಇಂಥ ಆಟ ಯಾವ ಜಾತಿಯವನ ಮನೆಯಲ್ಲೂ ಹಿಂದೆ ಕಲಿಸಿದ್ದಲ್ಲ. ಮೊದಲು ಹೇಗೆಂದು ತೋರಿಸಿದರು. ಆಮೇಲೆ ಹದಿನೈದು ಹದಿನೈದು ನಿಮಿಷದ ಎರಡು ಸರದಿ. ಒಂದೊಂದು ಸರದಿಗೂ ಹದಿನೈದು ಚಕ್ರವ್ಯೂಹ. ಬಿಡಿಸಿದ ಒಂದೊಂದಕ್ಕೂ ಒಂದು ರೂಪಾಯಿ. ನಮ್ಮ ಮಿಲ್ಲಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಪೀಸ್‌ರೇಟು. ಎಷ್ಟು ಮಾಲೋ ಅಷ್ಟು ಕೂಲಿ.

ಹುಡುಗರನ್ನು ಆರಾರು ಮಂದಿಯ ತಂಡ ಮಾಡಿ ಕೂರಿಸಿದರು. ಹಲವು ತಂಡಗಳಲ್ಲಿ ಮೂವರು ಮೇಲುಜಾತಿಯವರು, ಮೂವರು ದಲಿತರು. ಕೆಲವು ತಂಡಗಳಲ್ಲಿ ಯಾರು ಯಾವ ಜಾತಿ ಎಂಬ ಸುದ್ದಿಯನ್ನೇ ಎತ್ತಲಿಲ್ಲ. ಕಾಗದ ಕೊಟ್ಟರು, ಗಡಿಯಾರ ನೋಡಿದರು, ಅಷ್ಟೆ. ಅಲ್ಲಿ ಇಬ್ಬಗೆಯ ಹುಡುಗರೂ ಸಮಸಮ. ಗುರುತಿಸುವಂಥ ಯಾವ ಅಂತರವೂ ಕಂಡುಬರಲಿಲ್ಲ. ಅಂಗಡಿಕಟ್ಟೆಯ ವಾದ ಇಲ್ಲಿಗೇ ಮುರಿದುಬೀಳುತ್ತದೆ: ತಲೆಯೇ ಇಲ್ಲದಿದ್ದರೆ ಇಲ್ಲೂ ಇರಬಾರದಾಗಿತ್ತಲ್ಲ!

ಬೇರೆ ತಂಡಗಳಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಕೆಲಸ ಶುರುವಾಗುವ ಮುನ್ನ ಒಬ್ಬೊಬ್ಬನ ಹೆಸರು, ಊರು, ತಂದೆಯ ಹೆಸರು, ತಾತನ ಹೆಸರು, ಕೊನೆಗೆ ಜಾತಿ, ಇಷ್ಟನ್ನೂ ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿದರು. ಬೈಗುಳವಿಲ್ಲ, ಹಂಗಿಸಿದ್ದಿಲ್ಲ. ಓದಿದ್ದು, ಅಷ್ಟೆ. ಅದೇ ಕಾಗದ, ಅದೇ ಹದಿನೈದು ನಿಮಿಷ, ಅದೇ ರೂಪಾಯಿ. ದಲಿತ ಹುಡುಗರು ಬಿಡಿಸಿದ ಚಕ್ರವ್ಯೂಹಗಳ ಸಂಖ್ಯೆ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಇಳಿದುಹೋಯಿತು. ಇಲ್ಲದಿದ್ದ ಅಂತರ ಹುಟ್ಟಿತು.

ಇದಕ್ಕೆ ಬಡತನ ಕಾರಣವೆನ್ನೋಣವೇ? ಯಾವ ಹುಡುಗ ಯಾವ ಬಗೆಯ ತಂಡಕ್ಕೆ ಎಂಬುದು ಸಂಶೋಧಕರು ಹಂಚಿದ್ದು. ಜಾತಿ ಓದದ ತಂಡದ ದಲಿತ ಹುಡುಗನೂ ಅಷ್ಟೇ ಬಡವ. ತಂದೆ ಓದಿಲ್ಲವೆನ್ನೋಣವೇ? ಅದೂ ಎರಡು ಕಡೆಯಲ್ಲೂ ಒಂದೇ. ಹಾಗಾದರೆ ಹುಡುಗನಿಗೆ ತನ್ನ ಮೇಲೆಯೇ ನಂಬಿಕೆ ಕುಸಿಯಿತೆಂದು ಹೇಳೋಣವೇ? ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಆ ಹೆಂಗಸರು ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿದ್ದಾರೆ. ಬೇರೊಂದು ಬಗೆಯ ತಂಡದಲ್ಲಿ, ಸಂಪಾದನೆ ಯಾರ ಕೈಗೆ ಬರಬೇಕೆಂಬುದನ್ನು ಮನುಷ್ಯರ ಕೈಗೆ ಬಿಡದೆ ಲಾಟರಿಯ ಮೇಲೆ ಬಿಟ್ಟರು. ಅಲ್ಲಿ ಜಾತಿ ಓದಿದಾಗಲೂ ಅಂತರ ಮಾಯವಾಯಿತು! ಹುಡುಗನಿಗೆ ತನ್ನ ಕೈಮೇಲೆ ನಂಬಿಕೆ ಹೋಗಿದ್ದರೆ ಲಾಟರಿಯಿಂದ ಅದು ಮರಳಿ ಬರುವ ಸಂಭವವೆಲ್ಲಿ? ಅವನ ನಂಬಿಕೆ ಹೋಗಿದ್ದು ಎದುರಿಗೆ ನಿಂತು ಲೆಕ್ಕ ಬರೆಯುವ ದೊಡ್ಡವರ ಮೇಲೆ ಎಂಬುದು ಸಂಶೋಧಕರ ಊಹೆ. "ನನ್ನ ಜಾತಿ ಇವರಿಗೆ ತಿಳಿಯಿತು, ಇನ್ನು ನಾನೆಷ್ಟು ಗೀಚಿದರೂ ನನಗೆ ಸಿಕ್ಕಬೇಕಾದ್ದು ಸಿಕ್ಕದು" ಎಂಬ ಎಣಿಕೆ. ಚಿಕ್ಕ ಹುಡುಗನಿಗೆ ಅದನ್ನು ಯಾರು ಕಲಿಸಿದರು? ಊರು ಕಲಿಸಿತ್ತು.

ಮತ್ತೊಂದು ಫಲಿತಾಂಶವನ್ನು ಮೇಲುಜಾತಿಯ ನಮ್ಮ ಗೆಳೆಯರು ಗಮನವಿಟ್ಟು ಓದಬೇಕು. ಜಾತಿಯನ್ನು ಓದಿ, ಒಂದೇ ಜಾತಿಯವರನ್ನು ಬೇರೆ ಬೇರೆಯಾಗಿ ಕೂರಿಸಿದ ತಂಡಗಳಲ್ಲಿ ದಲಿತ ಹುಡುಗರ ಕೆಲಸ ಇಳಿದದ್ದಲ್ಲದೆ, ಮೇಲುಜಾತಿಯ ಹುಡುಗರದೂ ಇಳಿಯಿತು. ತಮ್ಮ ಸ್ಥಾನ ಹೇಗೂ ಭದ್ರವೆಂದು ತಿಳಿದವನಿಗೆ ಬೆವರು ಹರಿಸುವ ಗರಜು ಉಳಿಯುವುದಿಲ್ಲವೆಂದು ಸಂಶೋಧಕರು ಇದಕ್ಕೆ ಅರ್ಥ ಹೇಳುತ್ತಾರೆ. 2014ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಈ ವಿಷಯಕ್ಕೆ ದೊಡ್ಡ ಸ್ಥಾನವಿದೆ.

ಇಂಥ ವಿಚಾರಣೆ ಮೊದಲಾದದ್ದು ಅಮೆರಿಕದಲ್ಲಿ. ಅಲ್ಲಿ ಜಾತಿಯ ಜಾಗದಲ್ಲಿ ಮೈಬಣ್ಣ. ಕ್ಲಾಡ್ ಸ್ಟೀಲ್ ಮತ್ತು ಜೋಷುವಾ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕರಿಯ ಮತ್ತು ಬಿಳಿಯ ವಿದ್ಯಾರ್ಥಿಗಳಿಗೆ ಭಾಷೆಯ ಕಠಿಣ ಪ್ರಶ್ನೆಗಳನ್ನು ಕೊಟ್ಟರು. ಕೆಲವರಿಗೆ "ಇದು ನಿಮ್ಮ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆ" ಎಂದರು. ಕೆಲವರಿಗೆ "ಸಮಸ್ಯೆಯನ್ನು ಜನ ಹೇಗೆ ಬಿಡಿಸುತ್ತಾರೆಂದು ನೋಡುತ್ತಿದ್ದೇವೆ, ಅಷ್ಟೆ" ಎಂದರು. ಮೊದಲ ಮಾತು ಕೇಳಿದ ಕರಿಯ ವಿದ್ಯಾರ್ಥಿಗಳು ಹಿಂದೆ ಬಿದ್ದರು. ಇನ್ನೊಂದು ಪ್ರಯೋಗದಲ್ಲಿ, ಪರೀಕ್ಷೆಗೆ ಮುನ್ನ ತುಂಬುವ ಫಾರಮಿನಲ್ಲಿ ಜನಾಂಗ ಯಾವುದೆಂದು ಕೇಳಿದ್ದಷ್ಟೇ ಸಾಕಾಯಿತು. ತನ್ನ ಜನರ ಬಗೆಗೆ ಲೋಕ ಹೇಳುವ ಹೀನ ಮಾತನ್ನು ತಾನೇ ನಿಜ ಮಾಡಿಬಿಟ್ಟೇನೋ ಎಂಬ ಅಂಜಿಕೆ ಇದರ ಮೂಲವೆಂದು ಅವರು ಹೇಳಿದರು.

ಅಂಜಿಕೆ ಅಂಕವನ್ನು ತಿನ್ನುವ ಬಗೆ ಹೇಗೆ? ವ್ಯಾಪಾರಿಗಳಿಗೆ ಇದು ಅನುಭವದ ಮಾತು. ಇಪ್ಪತ್ತು ಬಾಬತ್ತಿನ ಬಿಲ್ಲನ್ನು ಬಾಯಿಲೆಕ್ಕದಲ್ಲಿ ಕೂಡುತ್ತಿರುವಾಗ ಮಾರಾಟ ತೆರಿಗೆಯ ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತರೆ ದಶಕ ತಪ್ಪುತ್ತದೆ. (ಮಾರಾಟ ತೆರಿಗೆ ಹೋಗಿ ಜಿ.ಎಸ್.ಟಿ. ಬಂದು ವರ್ಷಗಳಾದರೂ ಎದೆಬಡಿತವೇನೂ ಬದಲಾಗಿಲ್ಲ.) ಲೆಕ್ಕ ಬಾರದ್ದರಿಂದ ಅದು ತಪ್ಪಲಿಲ್ಲ, ಅಂಕಿಯನ್ನು ಹಿಡಿದಿಡಬೇಕಾದ ಮನಸ್ಸಿನ ಜಾಗದಲ್ಲಿ ಇನ್ನೊಂದು ಯೋಚನೆ ಬಂದು ಕೂತಿತು. ಟೋನಿ ಷ್ಮೇಡರ್, ಮೈಕಲ್ ಜಾನ್ಸ್ ಎಂಬವರು 2003ರಲ್ಲಿ ಇದನ್ನೇ ಅಳೆದರು. ಒಂದು ಕೆಲಸ ಮಾಡುತ್ತಲೇ ಕೆಲವು ಪದಗಳನ್ನು ನೆನಪಿನಲ್ಲಿಡಬೇಕು. ಗಣಿತದಲ್ಲಿ ಹೆಂಗಸರು ಗಂಡಸರು ಎಂಬ ಭೇದದ ಮಾತನ್ನು ಮುಂಚೆಯೇ ಎತ್ತಿದಾಗ ಹೆಂಗಸರು ನೆನಪಿಟ್ಟ ಪದಗಳು ಕಡಿಮೆಯಾದವು.

ಇದು ದೀನರಿಗೆ ಮಾತ್ರ ಬರುವ ರೋಗವೂ ಅಲ್ಲ. ಗಣಿತದಲ್ಲಿ ಗಟ್ಟಿಗರಾದ ಬಿಳಿಯ ಗಂಡು ವಿದ್ಯಾರ್ಥಿಗಳಿಗೆ "ಏಷ್ಯದವರು ನಿಮಗಿಂತ ಮುಂದೆ" ಎಂದು ಹೇಳಿ ಪರೀಕ್ಷೆ ಕೊಟ್ಟರೆ ಅವರೂ ಇಳಿದರೆಂದು 1999ರ ಒಂದು ಪ್ರಯೋಗ ತೋರಿಸಿತು.

ಇಷ್ಟು ಹೇಳಿದ ಮೇಲೆ ನಮ್ಮ ಪಕ್ಷಕ್ಕೆ ಅನುಕೂಲವಲ್ಲದ್ದನ್ನೂ ಹೇಳದಿದ್ದರೆ ಈ ಪತ್ರಿಕೆಯನ್ನು ನಾಲ್ಕು ಕಾಸು ಕೊಟ್ಟು ಕೊಳ್ಳುವವರಿಗೆ ಮೋಸ ಮಾಡಿದಂತೆ. ಅಮೆರಿಕದ ಆ ಪ್ರಯೋಗದಲ್ಲಿ ಹಣೆಪಟ್ಟಿಯ ನೆನಪು ತೆಗೆದೊಡನೆ ಕರಿಯರ ಬಿಳಿಯರ ಅಂತರವೆಲ್ಲ ಅಳಿಸಿಹೋಯಿತೆಂದು ಭಾಷಣಗಾರರು ಹೇಳುವುದುಂಟು. ಅದು ಸರಿಯಲ್ಲ. ವಿದ್ಯಾರ್ಥಿಗಳು ಹಿಂದೆ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಪಡೆದಿದ್ದ ಅಂಕಗಳನ್ನು ಲೆಕ್ಕಕ್ಕೆ ಹಿಡಿದು ಸರಿದೂಗಿಸಿದ ಮೇಲೆ ಅಂತರ ಅಳಿಸಿತು. ಅಂದರೆ ಹಿಂದಿನಿಂದ ಬಂದ ಅಂತರ, ಕೆಟ್ಟ ಶಾಲೆಯದು, ಹಸಿದ ಹೊಟ್ಟೆಯದು, ಹಾಗೆಯೇ ಉಳಿದಿತ್ತು. ಹೊಸದಾಗಿ ಕೂಡಿಕೊಂಡ ಭಾರ ಮಾತ್ರ ಇಳಿಯಿತು. ಇನ್ನೊಂದು: ನೆದರ್‌ಲ್ಯಾಂಡಿನಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟ ಶಾಲಾ ವಿದ್ಯಾರ್ಥಿಗಳ ಮೇಲೆ, ಏನನ್ನು ಹೇಗೆ ಅಳೆಯುತ್ತೇವೆಂದು ಮೊದಲೇ ಬರೆದಿಟ್ಟು ನಡೆಸಿದ ಪ್ರಯೋಗದಲ್ಲಿ (2018) ಹೆಣ್ಣುಮಕ್ಕಳ ಗಣಿತದ ಅಂಕ ಇಳಿಯಲೇ ಇಲ್ಲ. ಪರಿಣಾಮ ಕಾಣದ ಪ್ರಯೋಗಗಳು ಪೆಟ್ಟಿಗೆಯಲ್ಲೇ ಉಳಿದು, ಕಂಡವು ಮಾತ್ರ ಅಚ್ಚಾದವೆಂಬ ಸಂಶಯವನ್ನು ಆ ಶಾಸ್ತ್ರದವರೇ ಎತ್ತಿದ್ದಾರೆ. ನಾವಂತೂ ಇದನ್ನು ಹೀಗೆ ತೂಗುತ್ತೇವೆ: ಹಣೆಪಟ್ಟಿಯ ಭಾರ ಎಲ್ಲೆಡೆಯೂ ಒಂದೇ ಅಲ್ಲ. ಫಾರಮಿನ ಮೇಲಿನ ಒಂದು ಗುರುತಿಗೂ, ತಾತನ ಹೆಸರಿನ ಸಮೇತ ಹತ್ತು ಜನರ ಮುಂದೆ ಜಾತಿಯನ್ನು ಕೂಗುವುದಕ್ಕೂ ಭೂಮ್ಯಾಕಾಶದ ಅಂತರವಿದೆ. ಎಲ್ಲಿ ಆ ಹೆಸರಿನ ಹಿಂದೆ ನಿಜವಾದ ಅನ್ಯಾಯದ ಅನುಭವವಿದೆಯೋ ಅಲ್ಲಿ ಪೆಟ್ಟು ಹೆಚ್ಚೆಂದು ನಂಬಲು ಉತ್ತರ ಪ್ರದೇಶದ ಆ ಲಾಟರಿಯೇ ನಮಗೆ ಆಧಾರ.

ಇದನ್ನೆಲ್ಲ ಓದುವಾಗ ನಮಗೆ ನಮ್ಮ ಮೇಷ್ಟರಗಿರಿಯ ದಿನಗಳೇ ಕಣ್ಣಮುಂದೆ ಬಂದವು. ನಾವಿದ್ದ ಶಾಲೆಯಲ್ಲಿ ಕಿರುಪರೀಕ್ಷೆಯ ದಿನ ಎಲ್ಲ ಮಕ್ಕಳೂ ಹಾಜರಿರುತ್ತಾರೆಂದು ಅಂದೇ ಬೆಳಿಗ್ಗೆ ವಿದ್ಯಾರ್ಥಿವೇತನದ ಪಟ್ಟಿಯನ್ನು ಸರಿನೋಡುವ ರೂಢಿ. "ಎಸ್ಸಿ ಹುಡುಗರು ಎದ್ದು ನಿಲ್ಲಿ" ಎಂದು ನಾವೇ ಕೂಗಿದ್ದೇವೆ. ಏಳುತ್ತಿದ್ದರು. ತಂದೆಯ ಹೆಸರು, ಸರ್ಟಿಫಿಕೇಟು ಇದೆಯೋ ಇಲ್ಲವೋ, ಎಲ್ಲ ವಿಚಾರಿಸಿ, ಕೂತುಕೊಳ್ಳಿ ಎಂದು, ಕರಿಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದೆವು. ಆ ಮಕ್ಕಳ ಒಳಿತಿಗಾಗಿ ಮಾಡುತ್ತಿದ್ದೇವೆಂದೇ ನಮ್ಮ ತಿಳಿವಳಿಕೆ. ಅಂಕ ಕಡಿಮೆ ಬಂದರೆ ಮನೆಯಲ್ಲಿ ಓದುವುದಿಲ್ಲವೆಂದು ಬೈದದ್ದೂ ಉಂಟು. ಹಾಗೆ ನಿಲ್ಲಿಸಿದ್ದರಿಂದ ಎಷ್ಟು ಅಂಕ ಹೋಯಿತೆಂದು ಅಳೆಯಲು ನಮ್ಮಲ್ಲಿ ಎರಡನೆಯ ತರಗತಿ ಇರಲಿಲ್ಲ. ಆದರೆ ನಿಂತ ಹುಡುಗರ ಕಣ್ಣು ನೆಲದ ಮೇಲಿರುತ್ತಿತ್ತೆಂಬುದು ಚೆನ್ನಾಗಿ ನೆನಪಿದೆ.

ಇದನ್ನೇ ನೆಪಮಾಡಿ "ಹಾಗಾದರೆ ಜಾತಿಯನ್ನು ಕಾಗದದಲ್ಲೇ ಬರೆಯಬೇಡಿ, ಮೀಸಲಾತಿಯನ್ನೂ ಎತ್ತಿಹಾಕಿ" ಎನ್ನುವವರು ನಾಳೆಯೇ ಎದ್ದಾರು. ಅವರಿಗೆ ಉತ್ತರ ಇಷ್ಟೇ: ಲೆಕ್ಕ ಬರೆಯದೆ ಬಾಕಿ ವಸೂಲಾಗುವುದಿಲ್ಲ. ಜಾತಿಯನ್ನು ಬರೆಯಿರಿ, ಕಛೇರಿಯ ದಫ್ತರಿನಲ್ಲಿ ಬರೆಯಿರಿ, ವೇತನವನ್ನು ಹೊತ್ತಿಗೆ ಸರಿಯಾಗಿ ಕೊಡಿ. ಪರೀಕ್ಷೆಯ ಬೆಳಿಗ್ಗೆ, ತರಗತಿಯ ನಡುವೆ ಕೂಗಬೇಡಿ. ಮಿಲ್ಲಿನಲ್ಲಿ ಕೈಕೆಲಸದ ಪರೀಕ್ಷೆ ಕೊಡಲು ಬಂದ ಹೊಸ ಹುಡುಗನನ್ನು ಮಗ್ಗದ ಮುಂದೆ ನಿಲ್ಲಿಸಿಕೊಂಡು "ನೀನು ಯಾವ ಪೈಕಿ, ಯಾರ ಮಗ?" ಎಂದು ಕೇಳುವ ಜಾಬರಿಗೂ ಇದೇ ಮಾತು; ಕೇಳಲೇಬೇಕಾದರೆ ನೂಲು ಕಟ್ಟಿ ಮುಗಿಸಿದ ಮೇಲೆ ಕೇಳಲಿ. ಗುರುತನ್ನು ನೋಡದೆ ಅಳೆಯುವ ಕ್ರಮವಿದ್ದರೆ ಅದನ್ನು ಹುಡುಗನಿಗೆ ಮೊದಲೇ ತಿಳಿಸುವುದೂ ಮುಖ್ಯ. ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲದೆ ಬರಿಯ ನಂಬರು ಮಾತ್ರ ಇರುವುದು ಏತಕ್ಕೆಂದು ಮಕ್ಕಳಿಗೆ ಬಿಡಿಸಿ ಹೇಳಿದ ಮೇಷ್ಟರು ಎಷ್ಟು ಮಂದಿ? ನಾವೂ ಹೇಳಿರಲಿಲ್ಲ.

ಮುಂದಿನ ತಿಂಗಳು ಶಾಲಾಭಿವೃದ್ಧಿ ಸಮಿತಿಗಳ ಸಭೆಗಳಲ್ಲಿ ನಮ್ಮ ಸಂಗಾತಿಗಳು ಈ ಒಂದು ಪ್ರಶ್ನೆಯನ್ನು ಎತ್ತಲಿ: ವಿದ್ಯಾರ್ಥಿವೇತನದ ಪಟ್ಟಿಯನ್ನು ಎಲ್ಲಿ, ಯಾವ ದಿನ, ಯಾರ ಎದುರಿಗೆ ಓದುತ್ತೀರಿ? ಬಂದ ಉತ್ತರಗಳನ್ನು ಶಾಲೆಯ ಹೆಸರಿಲ್ಲದೆ ಇಲ್ಲಿಯೇ ಅಚ್ಚು ಹಾಕುತ್ತೇವೆ.